10 ಕಿಲೋಮೀಟರ್ ಓಟಕ್ಕೆ 8 ವಾರ ಸಾಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 41 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ, ತೂಕ 78 ಕೆ.ಜಿ. ಎರಡು ವರ್ಷದಿಂದ ವಾರಕ್ಕೆ ಐದು ದಿನ ಕಾಲೇಜು ಮೈದಾನದಲ್ಲಿ 10 ಸುತ್ತು ಬಿರುಸಾಗಿ ನಡೆಯುತ್ತೇನೆ. ಆಫೀಸಿನವರೆಲ್ಲ ಸೇರಿ ಒಂದು 10 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದೇವೆ. ಇನ್ನು 14 ವಾರ ಇದೆ. ಫೋನಿನಲ್ಲಿ ಸಿಕ್ಕ '8 ವಾರದಲ್ಲಿ 10 ಕಿ.ಮೀ.' ಪ್ಲಾನ್ ಶುರು ಮಾಡಿದೆ. ಮೂರು ವಾರ ಆರಾಮಾಗಿ ಹೋಯಿತು, ಉಸಿರೂ ಹಿಡಿತಕ್ಕೆ ಬಂತು. ನಾಲ್ಕನೇ ಭಾನುವಾರ ಉತ್ಸಾಹ ಬಂದು 6 ಕಿ.ಮೀ. ಓಡಿಬಿಟ್ಟೆ. ಮಾರನೇ ದಿನದಿಂದ ಬಲಗಾಲಿನಲ್ಲಿ, ಮಂಡಿಯ ಕೆಳಗೆ ಮೂಳೆಯ ಒಳಭಾಗದಲ್ಲಿ ನೋವು. ನಮ್ಮ ಅಕ್ಕ 'ಈ ವಯಸ್ಸಲ್ಲಿ ಓಡಿದರೆ ಮಂಡಿ ಸವೆಯುತ್ತೆ' ಅಂತಾರೆ. ಅಪ್ಪನಿಗೆ 56ನೇ ವಯಸ್ಸಿಗೆ ಹಾರ್ಟ್ ಆಪರೇಷನ್ ಆಗಿತ್ತು, ಆ ಭಯವೂ ಇದೆ. ನನ್ನಂಥವನಿಗೆ ನಿಜವಾಗಿ ಎಷ್ಟು ವಾರ ಬೇಕು?

ಉತ್ತರ: 20 ವಾರ. ಈಗ ಕಾಲು ನೋಯುತ್ತಿರುವುದರಿಂದ ಅದಕ್ಕೆ ಇನ್ನೂ ಎರಡು ವಾರ ಸೇರಿಸಿ, 22. ಈ ಲೆಕ್ಕ ಹೇಗೆ ಬಂತು, ನಿಮ್ಮ ಕೈಯಲ್ಲಿರುವ 14 ವಾರದಲ್ಲಿ ಏನು ಮಾಡಬಹುದು ಅನ್ನುವುದನ್ನು ಮುಂದೆ ಬರೆದಿದ್ದೇನೆ. ಆದರೆ ಅದಕ್ಕೆ ಮುಂಚೆ ಆ ಬಲಗಾಲನ್ನು ನೋಡೋಣ. ಅಲ್ಲಿ ಏನಾಗಿದೆ ಅಂತ ತಿಳಿಯದೆ ಯಾವ ಪ್ಲಾನೂ ಬೇಡ.

ಕುರ್ಚಿ ಮೇಲೆ ಕುಳಿತು ಬಲಗಾಲಿನ ಪಾದವನ್ನು ಎಡ ತೊಡೆಯ ಮೇಲಿಟ್ಟುಕೊಳ್ಳಿ. ಮಂಡಿಯಿಂದ ಪಾದದ ಗಂಟಿನವರೆಗೆ ಇಳಿಯುವ ಮೂಳೆಯ ಒಳ ಅಂಚು ಕೈಗೆ ಸಿಗುತ್ತದೆ. ಹೆಬ್ಬೆರಳಿನಿಂದ ಆ ಅಂಚನ್ನು ಮೇಲಿನಿಂದ ಕೆಳಗೆ ಸ್ವಲ್ಪ ಸ್ವಲ್ಪವಾಗಿ ಒತ್ತುತ್ತಾ ಬನ್ನಿ. ನೋವು ಐದು ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದಕ್ಕೆ, ಅಂದರೆ ಮೂರು ಬೆರಳಗಲಕ್ಕಿಂತ ಜಾಸ್ತಿ ಹರಡಿದ್ದರೆ, ಅದು ಹೊಸದಾಗಿ ಓಡುವವರಲ್ಲಿ ತುಂಬಾ ಸಾಮಾನ್ಯವಾದ ತೊಂದರೆ. ಓಡುವವರು ಇದನ್ನು ಶಿನ್ ಸ್ಪ್ಲಿಂಟ್ ಅಂತ ಕರೆಯುತ್ತಾರೆ. ಮೂಳೆ ಮತ್ತು ಅದರ ಮೇಲಿನ ಪದರಕ್ಕೆ ಹೊರೆ ಜಾಸ್ತಿಯಾಗಿ ಕೆರಳಿದೆ ಅಂತ ಅರ್ಥ. ಸರಿಯಾಗಿ ನೋಡಿಕೊಂಡರೆ ವಾಸಿಯಾಗುತ್ತದೆ.

ಹಾಗಲ್ಲದೆ ಒಂದೇ ಒಂದು ಜಾಗದಲ್ಲಿ, ಬೆರಳ ತುದಿಯಷ್ಟು ಕಡೆ ಒತ್ತಿದಾಗ 'ಅಯ್ಯೋ' ಅನ್ನುವಷ್ಟು ನೋವಾದರೆ ವಿಷಯ ಬೇರೆ. ರಾತ್ರಿ ಮಲಗಿದಾಗಲೂ ಅಲ್ಲಿ ಜುಮುಗುಟ್ಟುತ್ತಾ ನೋವಿದ್ದರೆ, ಬಲಗಾಲೊಂದರಲ್ಲೇ ನಿಂತು ಮೆಲ್ಲಗೆ ಕುಪ್ಪಳಿಸಿದಾಗ ಅದೇ ಜಾಗ ಚುಚ್ಚಿದರೆ, ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುವ ಅನುಮಾನ ಬರುತ್ತದೆ. ಆಗ ಮೂಳೆ ಡಾಕ್ಟರ ಹತ್ತಿರ ಹೋಗಲೇಬೇಕು. ಒಂದು ಎಚ್ಚರಿಕೆ: ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಇರಬಹುದು. ಎಕ್ಸ್‌ರೇ ನಾರ್ಮಲ್ ಬಂತು ಅಂತ ಮತ್ತೆ ಓಡಲು ಹೋಗಿ ಬಿರುಕು ದೊಡ್ಡದಾದ ಮೇಲೆ ಬಂದವರನ್ನು ನಾನು ನೋಡಿದ್ದೇನೆ. ಲಕ್ಷಣ ಇದ್ದೂ ಎಕ್ಸ್‌ರೇ ಚೆನ್ನಾಗಿದ್ದರೆ, ಎಂಆರ್‌ಐ ಬೇಕಾ ಅಂತ ಅವರನ್ನೇ ಕೇಳಿ. ಬಿರುಕೇ ಆಗಿದ್ದರೆ ನಾನಿಲ್ಲಿ ಬರೆದಿರುವ ವಾರಗಳ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಮೊದಲು ಅದು ಕೂಡಬೇಕು.

ನೋವು ಹರಡಿಕೊಂಡಿರುವ ಥರದ್ದು ಅಂತಲೇ ಇಟ್ಟುಕೊಂಡು ಮುಂದೆ ಬರೆಯುತ್ತೇನೆ. ನಿಮ್ಮ ಪತ್ರದಲ್ಲಿರುವ ಕಥೆಗೆ ಅದೇ ಹೊಂದುತ್ತದೆ.

ಮೂರು ವಾರ ಆರಾಮಾಗಿತ್ತು, ಉಸಿರು ಹಿಡಿತಕ್ಕೆ ಬಂದಿತ್ತು, ಆಮೇಲೆ ಕಾಲು ನೋವು ಬಂತು ಅಂತ ಬರೆದಿದ್ದೀರಿ. ನನ್ನ ಹತ್ತಿರ ಬರುವ ಹೊಸ ಓಟಗಾರರಲ್ಲಿ ಸುಮಾರು ಜನ ಹೇಳುವ ಮಾತು ಇದೇ. ಕಾರಣ ನಮ್ಮ ದೇಹದೊಳಗೇ ಇದೆ. ಓಡಲು ಶುರು ಮಾಡಿದ ಒಂದೆರಡು ವಾರದಲ್ಲೇ ರಕ್ತದ ನೀರಿನಂಶ ಹೆಚ್ಚುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಮೊದಲಿಗಿಂತ ಜಾಸ್ತಿ ರಕ್ತ ತಳ್ಳುತ್ತದೆ. ಅದಕ್ಕೇ ಮೂರನೇ ವಾರಕ್ಕೆ ಏದುಸಿರು ಕಮ್ಮಿಯಾಗಿ 'ಪರವಾಗಿಲ್ಲ, ನನ್ನ ಕೈಲಾಗುತ್ತೆ' ಅನ್ನಿಸುತ್ತದೆ. ಅದು ಸುಳ್ಳಲ್ಲ. ಹೃದಯ, ಶ್ವಾಸಕೋಶದ ಮಟ್ಟಿಗೆ ನಿಜವಾಗಿಯೂ ಕೈಲಾಗುತ್ತದೆ.

ಮೂಳೆ ಹಾಗಲ್ಲ. ಹೊಸ ಹೊರೆ ಬಿದ್ದಾಗ ಅದು ಗಟ್ಟಿಯಾಗುತ್ತದೆ, ಆದರೆ ನೇರವಾಗಿ ಗಟ್ಟಿಯಾಗುವುದಿಲ್ಲ. ಹಳೇ ಮನೆ ರಿಪೇರಿ ಮಾಡುವಾಗ ಮೊದಲು ಸಡಿಲವಾದ ಗಾರೆಯನ್ನು ಕೆತ್ತಿ ತೆಗೆಯುತ್ತಾರಲ್ಲ, ಹಾಗೆ. ಸವೆದ ಹಳೆಯ ಭಾಗವನ್ನು ಮೂಳೆ ಮೊದಲು ಕರಗಿಸಿ ತೆಗೆಯುತ್ತದೆ. ಅದಕ್ಕೆ ಸುಮಾರು ಮೂರು ವಾರ ಹಿಡಿಯುತ್ತದೆ. ಆಮೇಲೆ ಆ ಜಾಗವನ್ನು ಹೊಸ ಮೂಳೆಯಿಂದ ತುಂಬುತ್ತಾ ಬರುತ್ತದೆ. ಅದಕ್ಕೆ ಮೂರು ತಿಂಗಳ ಹತ್ತಿರ ಬೇಕು. ಕೆತ್ತಿದ ಮೇಲೆ, ತುಂಬುವುದಕ್ಕೆ ಮುಂಚೆ, ಒಂದಷ್ಟು ದಿನ ಆ ಜಾಗ ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಅದು ಹೆಚ್ಚು ಕಡಿಮೆ ನಾಲ್ಕನೇ ವಾರದಿಂದ ಎಂಟನೇ ವಾರದ ಸುತ್ತಮುತ್ತ. ನಿಮ್ಮ ಉಸಿರು 'ಇನ್ನೂ ಓಡು' ಅಂದ ಹೊತ್ತಿಗೆ ಸರಿಯಾಗಿ ನಿಮ್ಮ ಮೂಳೆ 'ಸ್ವಲ್ಪ ತಡಿ' ಅನ್ನುತ್ತಿತ್ತು. ಸೇನೆಗೆ ಹೊಸದಾಗಿ ಸೇರಿದ ಹುಡುಗರಿಗೆ ತರಬೇತಿಯ ಮೊದಲ ತಿಂಗಳುಗಳಲ್ಲೇ ಈ ಮೂಳೆಯಲ್ಲಿ ಬಿರುಕು ಬಿಡುವುದು ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಅವರು ಇಪ್ಪತ್ತರ ಆಸುಪಾಸಿನವರು. ಹಾಗಾಗಿ 41 ವಯಸ್ಸಾಯಿತಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಹಿಮ್ಮಡಿ ಮೇಲಿನ ದಪ್ಪ ನಾರು, ಪಾದದಡಿಯ ನಾರು, ಇವೂ ನಿಧಾನವೇ. ಗಟ್ಟಿಯಾಗಲು ಮೂರು ತಿಂಗಳಾದರೂ ಬೇಕು. ಅದಕ್ಕೇ ವಾರಗಳ ಲೆಕ್ಕ ಹಾಕುವಾಗ ನಾನು ಉಸಿರನ್ನು ನಂಬುವುದಿಲ್ಲ. ಎಲ್ಲಕ್ಕಿಂತ ನಿಧಾನವಾಗಿ ಬದಲಾಗುವ ಅಂಗ ಯಾವುದೋ ಅದರ ವೇಗಕ್ಕೆ ಪ್ಲಾನ್ ಹೊಂದಿಸುತ್ತೇನೆ.

ಹಾಗಾದರೆ ವಾರ ಜಾಸ್ತಿ ಮಾಡಿದಷ್ಟೂ ಕ್ಷೇಮವಾ? ಇದಕ್ಕೆ ಹೌದು ಅಂತ ಸುಲಭವಾಗಿ ಹೇಳಿಬಿಡಬಹುದು, ಆದರೆ ಪೂರ್ತಿ ನಿಜವಾಗುವುದಿಲ್ಲ. ನೆದರ್ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ಹೊಸದಾಗಿ ಓಡುವ ಐನೂರಕ್ಕೂ ಜಾಸ್ತಿ ಜನರನ್ನು ಎರಡು ಗುಂಪು ಮಾಡಿ ನೋಡಿದರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂ ಗುಂಪಿನ ಗುರಿ ನಾಲ್ಕು ಮೈಲಿ, ಅಂದರೆ ಆರೂವರೆ ಕಿ.ಮೀ.ಗೆ ಸ್ವಲ್ಪ ಕಮ್ಮಿ. ಒಂದು ಗುಂಪಿಗೆ 8 ವಾರದ ಪ್ಲಾನ್. ಇನ್ನೊಂದಕ್ಕೆ ವಾರಕ್ಕೆ ಶೇ. 10ರಷ್ಟೇ ಏರಿಸುವ 13 ವಾರದ ಪ್ಲಾನ್. ಕೊನೆಗೆ ಎರಡೂ ಗುಂಪಿನಲ್ಲಿ ಪೆಟ್ಟು ಮಾಡಿಕೊಂಡವರ ಪ್ರಮಾಣ ಹೆಚ್ಚು ಕಡಿಮೆ ಒಂದೇ, ಐವರಲ್ಲಿ ಒಬ್ಬರು.

ಇದನ್ನು ಓದಿದಾಗ ನನಗೆ ತುಂಬಾ ಯೋಚನೆಯಾಗಿತ್ತು. ಬರೀ ಕ್ಯಾಲೆಂಡರ್ ಹಿಗ್ಗಿಸಿದರೆ ಸಾಲದು, ಆ ವಾರಗಳ ಒಳಗೆ ಏನು ಮಾಡುತ್ತೇವೆ ಅನ್ನುವುದನ್ನೂ ನೋಡಬೇಕು ಅಂತ ನಾನು ಅರ್ಥ ಮಾಡಿಕೊಂಡೆ. 2025ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನ ಇದಕ್ಕೆ ಒಂದು ದಾರಿ ತೋರಿಸಿತು. ಐದು ಸಾವಿರಕ್ಕೂ ಜಾಸ್ತಿ ಓಟಗಾರರ ವಾಚಿನ ಲೆಕ್ಕಗಳನ್ನು ನೋಡಿದಾಗ, ವಾರದ ಒಟ್ಟು ದೂರ ಏರಿದ್ದಕ್ಕೂ ಪೆಟ್ಟಿಗೂ ನೇರ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಒಂದೇ ದಿನದ ಓಟಕ್ಕೆ. ಹಿಂದಿನ 30 ದಿನದಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇ. 10ಕ್ಕೂ ಜಾಸ್ತಿ ದೂರವನ್ನು ಒಂದೇ ಸಲಕ್ಕೆ ಓಡಿದವರಲ್ಲಿ ಪೆಟ್ಟು ಎದ್ದು ಕಾಣುವಷ್ಟು ಜಾಸ್ತಿಯಿತ್ತು. ಅವರಲ್ಲಿ ಹೆಚ್ಚಿನವರು ಅನುಭವಿ ಓಟಗಾರರು. ಹಾಗಾಗಿ ಹೊಸಬರಿಗೆ ಇದೇ ಅಂಕಿ ಹಾಗೇ ಒಪ್ಪುತ್ತದೆ ಅಂತ ಹೇಳಲಾರೆ. ಆದರೆ ಕ್ಲಿನಿಕ್ಕಿನಲ್ಲಿ ನಾನು ನೋಡುವುದಕ್ಕೆ ಇದು ಸರಿಹೊಂದುತ್ತದೆ. 'ಯಾವಾಗಿಂದ ನೋವು?' ಅಂತ ಕೇಳಿದರೆ, ಬಹಳ ಜನ ಒಂದು ದಿನದ ಹೆಸರು ಹೇಳುತ್ತಾರೆ. ನೀವೂ ಹೇಳಿದ್ದೀರಿ, ನಾಲ್ಕನೇ ಭಾನುವಾರ ಅಂತ.

ಈಗ ವಾರಗಳ ಲೆಕ್ಕ. ನಿಮ್ಮ ಮೈದಾನದ ಸುತ್ತು 400 ಮೀಟರ್ ಅಂದುಕೊಳ್ಳುತ್ತೇನೆ. ಒಮ್ಮೆ ಅಳೆದು ನೋಡಿಬಿಡಿ. ಎಷ್ಟೋ ಕಾಲೇಜು ಮೈದಾನಗಳಲ್ಲಿ 400 ಅಂತ ಹೇಳುವ ಸುತ್ತು 350ಕ್ಕೂ ಕಮ್ಮಿ ಇರುತ್ತದೆ. 400 ಇದ್ದರೆ 10 ಕಿ.ಮೀ. ಅಂದರೆ 25 ಸುತ್ತು.

10 ಸುತ್ತು ಆರಾಮಾಗಿ ಓಡಬಲ್ಲವರೊಬ್ಬರು, ಪ್ರತಿ ಸಲ ಹತ್ತರಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿ ಏರಿಸುತ್ತಾ 25ಕ್ಕೆ ಹೋಗಬೇಕು. 10 ಆದ ಮೇಲೆ 11, 12, 13, 14, ಆಮೇಲೆ 16, 18, 20, 22, ಕೊನೆಗೆ 25. ಎಣಿಸಿ, ಒಂಬತ್ತು ಮೆಟ್ಟಿಲು. ಕೊನೆಯ ಕೆಲವು ಮೆಟ್ಟಿಲು ಶೇ. 10ಕ್ಕಿಂತ ಒಂದಿಷ್ಟು ಎತ್ತರ, ಅಷ್ಟಕ್ಕೆ ನಾನು ಒಪ್ಪುತ್ತೇನೆ. ನಡುವೆ ಮೂರು ವಾರ ದೂರ ಇಳಿಸಿ ಕಾಲಿಗೆ ಬಿಡುವು ಕೊಡಬೇಕು. ಅಲ್ಲಿಗೆ 12 ವಾರ. ಆದರೆ ನೀವಿನ್ನೂ 10 ಸುತ್ತು ಓಡುವವರಲ್ಲ, 10 ಸುತ್ತು ನಡೆಯುವವರು. ನಡಿಗೆಯಿಂದ ಆ 10 ಸುತ್ತಿನ ಓಟಕ್ಕೆ ಬರಲು 8 ವಾರ. 8 ಮತ್ತು 12 ಸೇರಿ 20.

ಇದೇ ಲೆಕ್ಕವನ್ನು 5 ಕಿ.ಮೀ. ಓಡಬಲ್ಲವರಿಗೆ ಹಾಕಿ. ಹನ್ನೆರಡೂವರೆ ಸುತ್ತಿನಿಂದ 25ಕ್ಕೆ ಏಳೆಂಟು ಮೆಟ್ಟಿಲು ಸಾಕು. ಬಿಡುವಿನ ವಾರ ಸೇರಿಸಿದರೆ ಒಂಬತ್ತೋ ಹತ್ತೋ ವಾರ. '8 ವಾರದಲ್ಲಿ 10 ಕಿ.ಮೀ.' ಅನ್ನುವ ಪ್ಲಾನುಗಳ ಗುಟ್ಟು ಇಲ್ಲಿದೆ. ಅವುಗಳಲ್ಲಿ ಹೆಚ್ಚಿನವು ಆಗಲೇ ಅರ್ಧ ಗಂಟೆ ನಿಲ್ಲದೆ ಓಡುವವರಿಗೆ ಮಾಡಿದವು. ಮೊದಲ ಪುಟದಲ್ಲಿ ಸಣ್ಣಕ್ಷರದಲ್ಲಿ ಅದನ್ನು ಬರೆದಿರುತ್ತಾರೆ, ನಾವು ದಾಟಿ ಹೋಗುತ್ತೇವೆ. ಏನೂ ಓಡದವರನ್ನು 5 ಕಿ.ಮೀ.ಗೆ ತರುವ, ಜಗತ್ತಿನಲ್ಲೆಲ್ಲ ಹೆಸರಾದ 'ಕೌಚ್ ಟು 5ಕೆ' ಪ್ಲಾನಿಗೇ 9 ವಾರ ಬೇಕು. 1996ರಿಂದ ಇರುವ ಪ್ಲಾನ್ ಅದು. ನಿಮ್ಮ ಆ್ಯಪ್ ಆ 9 ವಾರವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಅಷ್ಟೇ.

ಇನ್ನು ಕೆಲಸ ಹೇಗೆ ಅಂತ ನೋಡೋಣ. ಮೊದಲ ಎರಡು ವಾರ ಓಟವೇ ಇಲ್ಲ. ನಡಿಗೆ ಮಾತ್ರ, ಅದೂ ನೋವಿಲ್ಲದಷ್ಟು. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದುಕೊಳ್ಳಿ. ನಡೆಯುವಾಗ ಎರಡು ದಾಟಿದರೆ ದೂರ ಕಮ್ಮಿ ಮಾಡಿ. ದಿನ ಬಿಟ್ಟು ದಿನ ಮೀನಖಂಡಕ್ಕೆ ವ್ಯಾಯಾಮ: ಗೋಡೆ ಹಿಡಿದು ಎರಡೂ ಹಿಮ್ಮಡಿ ಮೇಲೆತ್ತಿ, ಮೆಲ್ಲಗೆ ಇಳಿಸಿ. 15 ಸಲ, ಮೂರು ಬಾರಿ. ಇದು ಸಲೀಸಾದ ಮೇಲೆ ಒಂದೇ ಕಾಲಿನಲ್ಲಿ ಮಾಡಿ. ಮಂಡಿ ಸ್ವಲ್ಪ ಬಾಗಿಸಿಯೂ ಅಷ್ಟೇ ಸಲ ಮಾಡಿ, ಆಗ ಒಳಗಿನ ಸ್ನಾಯುವಿಗೂ ಕೆಲಸ ಸಿಗುತ್ತದೆ. ಓಡುವಾಗ ಈ ಸ್ನಾಯುಗಳು ಸುಸ್ತಾದರೆ ಅವು ಹೊರಬೇಕಾದ ಹೊರೆ ಮೂಳೆಗೆ ಹೋಗುತ್ತದೆ. ಇದನ್ನು 22 ವಾರವೂ ಬಿಡಬೇಡಿ.

ಬಿರುಸಾಗಿ 10 ಸುತ್ತು ನಡೆದರೂ ನೋವಿಲ್ಲ, ಮೂಳೆ ಒತ್ತಿದರೆ ಮೊದಲಿನಷ್ಟು ನೋಯುತ್ತಿಲ್ಲ, ಒಂಟಿ ಕಾಲಿನಲ್ಲಿ ಹತ್ತು ಸಲ ಕುಪ್ಪಳಿಸಿದರೂ ಏನೂ ಆಗಲಿಲ್ಲ ಅಂದ ಮೇಲೆ ಓಟದ ಮೊದಲ ವಾರ ಶುರು. ವಾರಕ್ಕೆ ಮೂರೇ ದಿನ, ಮಂಗಳವಾರ, ಗುರುವಾರ, ಭಾನುವಾರ ಅಂತಿಟ್ಟುಕೊಳ್ಳಿ. ನಡುವಿನ ದಿನಗಳಲ್ಲಿ ಬೇಕಾದರೆ ನಡೆಯಿರಿ. ಮೊದಲ ಎರಡು ವಾರ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಹತ್ತು ಸಲ. ಒಟ್ಟು ಅರ್ಧ ಗಂಟೆಯಲ್ಲಿ ಓಟ ಹತ್ತೇ ನಿಮಿಷ. ಮೂರು ವಾರ ಓಡಿ 6 ಕಿ.ಮೀ. ಮುಟ್ಟಿದವರಿಗೆ ಇದು ತೀರಾ ಸಪ್ಪೆ ಅನ್ನಿಸುತ್ತದೆ. ಹೌದು, ಉಸಿರಿಗೆ ಸಪ್ಪೆಯೇ. ನಾವು ಕೊಡುತ್ತಿರುವುದು ಮೂಳೆಗೆ ಕೆಲಸ.

ಮೂರನೇ ವಾರ 2 ನಿಮಿಷ ಓಟ, 2 ನಿಮಿಷ ನಡಿಗೆ, ಏಳು ಸಲ. ನಾಲ್ಕನೇ ವಾರ ಹಿಂದಕ್ಕೆ, ಎರಡನೇ ವಾರದ್ದನ್ನೇ ಮಾಡಿ. ಈ ನಾಲ್ಕನೇ ವಾರವನ್ನು ಯಾರೂ ಕೇಳುವುದಿಲ್ಲ, 'ಚೆನ್ನಾಗಿ ಹೋಗ್ತಿದೆಯಲ್ಲ, ಯಾಕೆ ಇಳಿಸಬೇಕು' ಅಂತಾರೆ. ಮೂಳೆ ಕೆತ್ತಿಕೊಂಡು ಕೂತಿರುವ ಹೊತ್ತು ಅದು, ಅದಕ್ಕೇ. ಐದನೇ ವಾರ 3 ನಿಮಿಷ ಓಟ, 2 ನಿಮಿಷ ನಡಿಗೆ, ಆರು ಸಲ. ಆರನೇ ವಾರ 5 ನಿಮಿಷ ಓಡಿ 2 ನಿಮಿಷ ನಡಿಗೆ, ನಾಲ್ಕು ಸಲ. ಏಳನೇ ವಾರ 8 ನಿಮಿಷ ಓಡಿ 2 ನಿಮಿಷ ನಡಿಗೆ, ಮೂರು ಸಲ. ಎಂಟನೇ ವಾರ 10 ನಿಮಿಷ ಓಡಿ 1 ನಿಮಿಷ ನಡಿಗೆ, ಮೂರು ಸಲ. ಇಲ್ಲಿಗೆ ಒಂದು ದಿನಕ್ಕೆ ಅರ್ಧ ಗಂಟೆ ಓಟವಾಯಿತು. ನಿಮ್ಮ ವೇಗಕ್ಕೆ 4 ಕಿ.ಮೀ., ಅಂದರೆ ಆ 10 ಸುತ್ತು.

ಒಂಬತ್ತನೇ ವಾರದಿಂದ ಭಾನುವಾರದ ಓಟ ಮಾತ್ರ ಏರುತ್ತದೆ. ಮಂಗಳ, ಗುರುವಾರ ಅದೇ ಅರ್ಧ ಗಂಟೆ. ಭಾನುವಾರ ಒಂಬತ್ತನೇ ವಾರ 11 ಸುತ್ತು, ಹತ್ತಕ್ಕೆ 12, ಹನ್ನೊಂದಕ್ಕೆ 13. ಹನ್ನೆರಡನೇ ವಾರ ಇಳಿಸಿ 8 ಸುತ್ತು. ಆಮೇಲೆ 14, 16, 18. ಹದಿನಾರನೇ ವಾರ ಮತ್ತೆ ಇಳಿಸಿ 10. ಹದಿನೇಳಕ್ಕೆ 20, ಹದಿನೆಂಟಕ್ಕೆ 22. ಹತ್ತೊಂಬತ್ತನೇ ವಾರ 12 ಸುತ್ತಿನಷ್ಟು ಹಗುರ. ಇಪ್ಪತ್ತನೇ ವಾರ 25. ಹತ್ತು ನಿಮಿಷಕ್ಕೊಮ್ಮೆ ಒಂದು ನಿಮಿಷ ನಡೆಯುವುದನ್ನು ಕೊನೆಯವರೆಗೂ ಇಟ್ಟುಕೊಂಡರೂ ತಪ್ಪಿಲ್ಲ.

ಒಂದು ವಾರ ತಪ್ಪಿದರೆ ಹಿಂದಿನ ವಾರದ್ದನ್ನೇ ಮತ್ತೊಮ್ಮೆ ಮಾಡಿ ಮುಂದೆ ಹೋಗಿ. ಎರಡು ಮೂರು ವಾರ ತಪ್ಪಿದರೆ ಅಷ್ಟೇ ವಾರ ಹಿಂದಕ್ಕೆ ಹೋಗಿ. ತಪ್ಪಿದ್ದನ್ನು ತುಂಬಿಸಲು ಎರಡು ಮೆಟ್ಟಿಲು ಒಟ್ಟಿಗೆ ಹತ್ತಬೇಡಿ. ಜ್ವರ ಇರುವಾಗ ಓಡಲೇಬೇಡಿ.

ಓಟದ ವೇಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೊಸಬರ ಪ್ಲಾನ್ ಕೆಡುವುದು ದೂರದಿಂದ ಎಷ್ಟೋ, ವೇಗದಿಂದಲೂ ಅಷ್ಟೇ. ಓಡುತ್ತಲೇ ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. 'ನಿನ್ನೆ ಆಫೀಸಿನಲ್ಲಿ ಕ್ಯಾಷ್ ಟ್ಯಾಲಿ ಆಗುವ ಹೊತ್ತಿಗೆ ಏಳು ಗಂಟೆಯಾಗಿತ್ತು' ಅಂತ ಒಂದೇ ಉಸಿರಿಗೆ ಹೇಳಲು ಆದರೆ ಸರಿಯಾದ ವೇಗ. ಎರಡೆರಡು ಪದಕ್ಕೆ ನಿಲ್ಲುವಂತಾದರೆ ಜಾಸ್ತಿಯಾಯಿತು. ನಿಮ್ಮ ಮಟ್ಟಕ್ಕೆ ಅದು ಕಿಲೋಮೀಟರಿಗೆ 8 ನಿಮಿಷದ ಸುತ್ತಮುತ್ತ ಬರುತ್ತದೆ, ಅಂದರೆ ಒಂದು ಸುತ್ತಿಗೆ ಮೂರು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಹೆಜ್ಜೆ ಚಿಕ್ಕದಿರಲಿ. ಪಾದ ಮೈಯಿಂದ ಬಹಳ ಮುಂದೆ ಹೋಗಿ ಬೀಳುವ ಬದಲು ಸೊಂಟದ ಕೆಳಗೆ ಬಿದ್ದರೆ ಮೂಳೆಗೆ ಬೀಳುವ ಹೊಡೆತ ಕಮ್ಮಿ. ಹೆಜ್ಜೆ ಸದ್ದು ಕೇಳಿಸಿಕೊಳ್ಳಿ. ಧಪ್ ಧಪ್ ಅಂತ ಕೇಳುತ್ತಿದ್ದರೆ ಹೆಜ್ಜೆ ಉದ್ದವಾಗಿದೆ ಅಂತಲೇ ತಿಳಿಯಿರಿ.

ಇನ್ನೊಂದು ಸಣ್ಣ ವಿಷಯ. ಮೈದಾನದಲ್ಲಿ ದಿನಾ ಒಂದೇ ದಿಕ್ಕಿಗೆ ಸುತ್ತುತ್ತೀರಾ? ತಿರುವಿನಲ್ಲಿ ಎರಡೂ ಕಾಲಿಗೆ ಒಂದೇ ಥರ ಹೊರೆ ಬೀಳುವುದಿಲ್ಲ. 25 ಸುತ್ತಿಗೆ 50 ತಿರುವು. ಮಂಗಳವಾರ ಒಂದು ದಿಕ್ಕು, ಗುರುವಾರ ಇನ್ನೊಂದು ದಿಕ್ಕು ಮಾಡಿ. ಭಾನುವಾರ ಅರ್ಧಕ್ಕೆ ತಿರುಗಿಕೊಳ್ಳಿ. ನೀವು ಬಲಗಾಲು ಮಾತ್ರ ಅಂತ ಬರೆದಿದ್ದು ಓದಿದಾಗ ನನಗೆ ಮೊದಲು ನೆನಪಾದದ್ದೇ ಇದು.

ನಿಮ್ಮ ಮುಂದಿರುವ 14 ವಾರಕ್ಕೆ ಬರುತ್ತೇನೆ. ಎರಡು ವಾರ ಕಾಲಿಗೆ ಕೊಟ್ಟರೆ ಉಳಿದದ್ದು 12. ನನಗೆ ಮೂರು ದಾರಿ ಕಾಣುತ್ತದೆ.

ಮೊದಲನೆಯದು, ಹಠ ಹಿಡಿದು ಪೂರ್ತಿ 10 ಕಿ.ಮೀ. ಓಡಿಯೇ ತೀರುತ್ತೇನೆ ಅನ್ನುವುದು. ಸುಮಾರು ಜನ ಹೀಗೆ ಮಾಡಿ ಗೆದ್ದೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಕಾಲು ಆಗಲೇ ಒಮ್ಮೆ ದೂರು ಹೇಳಿದೆ. ಒಮ್ಮೆ ಪೆಟ್ಟಾದವರಿಗೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ. ಈಗಿನ ನೋವು ಬಿರುಕಾಗಿ ಬದಲಾದರೆ ಎರಡು ಮೂರು ತಿಂಗಳು ಓಟವೇ ಇಲ್ಲ. ನನ್ನ ಹತ್ತಿರ ಬಂದ ಒಬ್ಬ ಶಾಲಾ ಮೇಡಂ ಹೀಗೇ ಮಾಡಿದರು. ಐದನೇ ವಾರಕ್ಕೆ ಗೆಳತಿಯರ ಜೊತೆ 8 ಕಿ.ಮೀ. ಹೋಗಿಬಂದರು, ನೋವಿಗೆ ಮಾತ್ರೆ ತೆಗೆದುಕೊಂಡು ಇನ್ನೂ ಎರಡು ವಾರ ಓಡಿದರು. ಆಮೇಲೆ ಹನ್ನೊಂದು ವಾರ ತರಗತಿಯಲ್ಲೂ ಕುಳಿತೇ ಪಾಠ ಮಾಡಬೇಕಾಯಿತು. ಈ ದಾರಿ ನಿಮಗೆ ಬೇಡ ಅಂತಲೇ ನನ್ನ ಮಾತು. ಮುಖ್ಯವಾಗಿ, ನೋವಿನ ಮಾತ್ರೆ ನುಂಗಿ ಓಡಬೇಡಿ. ಕಾಲು ಹೇಳುವುದು ನಿಮಗೆ ಕೇಳದೇ ಹೋಗುತ್ತದೆ.

ಎರಡನೆಯದು, ಈ ಸಲ ಚಿಕ್ಕ ದೂರದ ಓಟ ಇದ್ದರೆ ಅದಕ್ಕೆ ಬದಲಿಸಿಕೊಂಡು, 10 ಕಿ.ಮೀ. ಮುಂದಿನ ಸಲಕ್ಕೆ ಇಡುವುದು. 12 ವಾರದಲ್ಲಿ ಮೇಲಿನ ಪ್ಲಾನಿನ ಪ್ರಕಾರ 13 ಸುತ್ತು, 5 ಕಿ.ಮೀ.ಗೆ ಸ್ವಲ್ಪ ಜಾಸ್ತಿ ದಾಟಿರುತ್ತೀರಿ. ಕಾಲಿಗೆ ಇದೇ ಎಲ್ಲಕ್ಕಿಂತ ಕ್ಷೇಮ. ಕಳೆದುಕೊಳ್ಳುವುದು ಗೆಳೆಯರ ಜೊತೆ ಆ ದಿನದ ಖುಷಿಯನ್ನು. ಅದೂ ಚಿಕ್ಕ ವಿಷಯವಲ್ಲ, ನನಗೆ ಅರ್ಥವಾಗುತ್ತದೆ.

ಮೂರನೆಯದು, 10 ಕಿ.ಮೀ.ಗೇ ಹೋಗಿ, ಅರ್ಧ ಓಡಿ ಅರ್ಧ ನಡೆಯುವುದು. ನಿಮಗೆ ನಾನು ಹೇಳುವುದು ಇದನ್ನೇ. 1972ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ 10,000 ಮೀಟರ್ ಓಡಿದ ಜೆಫ್ ಗ್ಯಾಲೊವೇ ಹೊಸಬರಿಗೆ ದಶಕಗಳ ಕಾಲ ಕಲಿಸಿದ್ದು ಇದೇ ವಿಧಾನ. ಇದರಿಂದ ಸಮಯ ತುಂಬಾ ಹಾಳಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕೋಣ. ಕಿ.ಮೀ.ಗೆ 8 ನಿಮಿಷದಂತೆ ಪೂರ್ತಿ ಓಡಿದರೆ 80 ನಿಮಿಷ. ನೀವು 10 ಸುತ್ತನ್ನು 40 ನಿಮಿಷದಲ್ಲಿ ನಡೆಯುತ್ತೀರಿ ಅಂದುಕೊಂಡರೆ ನಿಮ್ಮ ನಡಿಗೆ ಕಿ.ಮೀ.ಗೆ 10 ನಿಮಿಷ. ಒಂದು ನಿಮಿಷ ಓಡಿದರೆ 125 ಮೀಟರ್, ಒಂದು ನಿಮಿಷ ನಡೆದರೆ 100 ಮೀಟರ್. ಎರಡು ನಿಮಿಷಕ್ಕೆ 225 ಮೀಟರ್. ಹಾಗೆ 10 ಕಿ.ಮೀ. ಮುಗಿಸಲು 89 ನಿಮಿಷ. ವ್ಯತ್ಯಾಸ ಒಂಬತ್ತೇ ನಿಮಿಷ! ಓಡಿದ ದೂರ ಮಾತ್ರ ಐದೂವರೆ ಕಿ.ಮೀ.

ಇದಕ್ಕೆ ನಿಮ್ಮ 12 ವಾರ ಸಾಲುತ್ತದೆ. 10 ಸುತ್ತು ನಡೆಯುವ ಶಕ್ತಿ ಆಗಲೇ ಇರುವುದರಿಂದ ಭಾನುವಾರದ ಒಟ್ಟು ಸುತ್ತುಗಳನ್ನು ಮೊದಲ ವಾರದಿಂದಲೇ ಏರಿಸಬಹುದು: 11, 12, 13, ಬಿಡುವು, 14, 16, 18, ಬಿಡುವು, 20, 22, ಬಿಡುವು, ಓಟದ ದಿನ 25. ಅದೇ ಮೆಟ್ಟಿಲು. ಆದರೆ ದೂರ ಏರುತ್ತಿರುವಾಗ ಓಟದ ಪಾಲು ಏರಬಾರದು. ಮೊದಲ ಏಳು ವಾರ 1 ನಿಮಿಷ ಓಟ, 2 ನಿಮಿಷ ನಡಿಗೆ. ಎಂಟನೇ ವಾರ ದೂರ ಇಳಿದಾಗ 1 ನಿಮಿಷ ಓಟ, 1 ನಿಮಿಷ ನಡಿಗೆಗೆ ಬದಲಿಸಿ. ಅಲ್ಲಿಂದ ಅದೇ ಕೊನೆಯವರೆಗೆ. ಇದರಲ್ಲೂ ಅಪಾಯ ಇದೆ, ಅದೇ ಜಾಗ ಮತ್ತೆ ನೋಯಬಹುದು. ಓಡುವಾಗ ನೋವು ಹತ್ತಕ್ಕೆ ಮೂರರ ಒಳಗಿದ್ದು ಮಾರನೇ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಹೊತ್ತಿಗೆ ಹೋಗಿದ್ದರೆ ಮುಂದುವರಿಸಿ. ಬೆಳಿಗ್ಗೆಯೂ ಇದ್ದರೆ, ಅಥವಾ ಓಡುತ್ತಾ ಓಡುತ್ತಾ ಜಾಸ್ತಿಯಾದರೆ, ಆ ವಾರ ಬರೀ ನಡಿಗೆ. ಎರಡು ವಾರವಾದರೂ ಬಿಡದಿದ್ದರೆ ಎರಡನೇ ದಾರಿಗೆ ಬನ್ನಿ. ನಿಮ್ಮ ಓಟಕ್ಕೆ ಎಷ್ಟು ಹೊತ್ತಿನೊಳಗೆ ಮುಗಿಸಬೇಕು ಅನ್ನುವ ನಿಯಮ ಇದೆಯಾ ಅಂತ ಸಂಘಟಕರನ್ನು ಈಗಲೇ ಕೇಳಿಕೊಳ್ಳಿ.

ಅಕ್ಕನವರ ಮಂಡಿ ಮಾತಿಗೆ ಬರೋಣ. ಅವರ ಕಾಳಜಿ ದೊಡ್ಡದು, ಆದರೆ ಮಾತು ಸರಿಯಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ 2017ರಲ್ಲಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಸೊಂಟ, ಮಂಡಿ ಸವೆತ ಇದ್ದವರು ನೂರಕ್ಕೆ ಮೂರೂವರೆ. ಓಡದೇ ಕೂತೇ ಇರುವವರಲ್ಲಿ ನೂರಕ್ಕೆ ಹತ್ತು. ವೃತ್ತಿಯಾಗಿ ಸ್ಪರ್ಧೆಗೆ ಓಡುವವರಲ್ಲಿ ಮಾತ್ರ ಹದಿಮೂರು. ಓಟದಿಂದಲೇ ಮಂಡಿ ಚೆನ್ನಾಗಿರುತ್ತದೆ ಅಂತ ಇದರಿಂದ ಸಾಬೀತಾಗುವುದಿಲ್ಲ. ತೂಕ ಕಮ್ಮಿ ಇರುವವರು, ಮಂಡಿ ಚೆನ್ನಾಗಿರುವವರೇ ಓಟವನ್ನು ಮುಂದುವರಿಸಿರಲೂಬಹುದು. ಆದರೆ ವಾರಕ್ಕೆ ಮೂರು ದಿನ ಅರ್ಧ ಗಂಟೆ ಓಡಿದರೆ ಮಂಡಿ ಸವೆದುಹೋಗುತ್ತದೆ ಅನ್ನಲು ಆಧಾರ ಇಲ್ಲ. ಮಂಡಿಗೆ ಹಳೆಯ ಪೆಟ್ಟೋ ಆಪರೇಷನ್ನೋ ಆಗಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ ಶುರು ಮಾಡಿ.

ಹೃದಯದ ಭಯವನ್ನು ಮಾತ್ರ ನಾನು ಹಗುರವಾಗಿ ನೋಡುವುದಿಲ್ಲ. ತಂದೆಗೆ 56ಕ್ಕೇ ಹಾರ್ಟ್ ಆಪರೇಷನ್ ಆಗಿದೆ, ನಿಮಗೆ 40 ದಾಟಿದೆ. ಕಾಲಿಗೆ ಬಿಡುವು ಕೊಡುವ ಈ ಎರಡು ವಾರದಲ್ಲೇ ಫಿಸಿಷಿಯನ್ ಹತ್ತಿರ ಹೋಗಿ ಬನ್ನಿ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಇಸಿಜಿ ಮಾಡಿಸಿ. ಅಪ್ಪನ ವಿಷಯ, 10 ಕಿ.ಮೀ. ಓಡುವ ವಿಷಯ ಎರಡನ್ನೂ ಬಾಯಿಬಿಟ್ಟು ಹೇಳಿ. ಟ್ರೆಡ್‌ಮಿಲ್ ಟೆಸ್ಟ್ ಬೇಕಾ ಅನ್ನುವುದನ್ನು ಅವರು ನಿರ್ಧರಿಸಲಿ. ಓಡುವಾಗ ಎದೆ ಹಿಡಿದಂತಾಗುವುದು, ದವಡೆಗೋ ಎಡಗೈಗೋ ನೋವು ಹರಿಯುವುದು, ತಲೆ ಸುತ್ತು, ಎದೆ ಬಡಿತ ತಾಳ ತಪ್ಪಿದಂತಾಗುವುದು, ಇವುಗಳಲ್ಲಿ ಒಂದು ಕಂಡರೂ ಅಲ್ಲೇ ನಿಲ್ಲಿಸಿ. ಗ್ಯಾಸ್ ಇರಬೇಕು ಅಂತ ಸುಮ್ನೆ ಮನೆಗೆ ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ. ಆಗ ಗಾಡಿ ನೀವು ಓಡಿಸಬೇಡಿ.

ಓಟದ ದಿನಕ್ಕೆ ಒಂದು ಮಾತು. ಆ ಬೆಳಿಗ್ಗೆ ಸುತ್ತಲೂ ಜನ, ಹಾಡು, ಕೂಗು. ಶುರುವಿನಲ್ಲಿ ಎಲ್ಲರೂ ನಿಮ್ಮನ್ನು ಹಿಂದಿಕ್ಕಿ ಓಡುತ್ತಾರೆ. ಮೊದಲ ನಿಮಿಷ ಓಡಿದ ಕೂಡಲೇ ನಡೆಯಬೇಕಾಗುತ್ತದೆ, ಕಾಲಿನಲ್ಲಿ ಶಕ್ತಿ ತುಂಬಿರುವಾಗಲೇ. ಆಗ ರಸ್ತೆಯ ಎಡ ಅಂಚಿಗೆ ಬಂದು ನಡೆಯಿರಿ. ಸುಸ್ತಾದ ಮೇಲೆ ನಡೆದರಾಯಿತು ಅಂತ ಮೊದಲ ಮೂರು ಕಿ.ಮೀ. ಓಡಿಬಿಟ್ಟರೆ ನೀವು ಅಭ್ಯಾಸ ಮಾಡಿದ ಲೆಕ್ಕವೇ ತಪ್ಪುತ್ತದೆ. ಆ ಓಟ ಮುಗಿದ ಮೇಲೆ ಒಂದು ವಾರ ಬರೀ ನಡಿಗೆ. ಆಮೇಲೆ ಪೂರ್ತಿ ಓಡುವ ಆಸೆ ಇದ್ದರೆ 20 ವಾರದ ಪ್ಲಾನಿನ ಐದನೇ ವಾರದಿಂದ ಹಿಡಿಯಿರಿ, ಮೊದಲಿಂದ ಬೇಕಿಲ್ಲ.

ಹೆಬ್ಬೆರಳಿನಿಂದ ಒತ್ತಿ ನೋಡಿದಾಗ ನೋವು ಒಂದೇ ಜಾಗದಲ್ಲಿ ಸಿಕ್ಕಿದರೆ ಮಾತ್ರ ಇದೆಲ್ಲ ಪಕ್ಕಕ್ಕಿಟ್ಟು, ನಾಳೆಯೇ ಡಾಕ್ಟರ ಹತ್ತಿರ ಹೋಗಿ.